ನಮ್ದು ಅಂದರೆ ಯಾರದು

ನಮ್ಮ ಮನೆಯ ಹೊಸ್ತಿಲಾಚೆ ಚಪ್ಪಲಿಗಳೂ ಸಾಲಾಗಿ ನಿಂತಿರಬೇಕು. ಒಂದು ಅಡ್ಡಡ್ಡ ಬಿದ್ದಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ನಾನು ಶಿಸ್ತು ಎನ್ನುತ್ತಿದ್ದೆ. ಹೋದ ವರ್ಷದ ತನಕ.

ಹಾಸನದ ಒಂದು ಕಾಲೇಜಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳುವುದು ನನ್ನ ಕೆಲಸ. ಅದರ ಜೊತೆಗೆ ನಾವು ನಾಲ್ಕು ಜನ ಸೇರಿ ಒಂದು ಪದಕೋಶ ಮಾಡುತ್ತಿದ್ದೆವು. ಈ ಸೀಮೆಯ ಆಡುಮಾತಿನ ಪದಗಳು, ಪುಸ್ತಕದಲ್ಲಿ ಸಿಗದಂಥವು. ಹೊಳೆನರಸೀಪುರದಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು, ಚನ್ನರಾಯಪಟ್ಟಣದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡು ನಮ್ಮ ಜಾಲತಾಣ ನೋಡಿಕೊಳ್ಳುತ್ತಿದ್ದ ಗೆಳೆಯ, ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ ಪ್ರೈಮರಿ ಶಾಲೆಯ ಮೇಡಂ, ಹಾಸನದಲ್ಲಿ ನಾನು. ಊರಿಗೊಂದು ಫೈಲು. ಅವರವರ ಫೈಲಿಗೆ ಅವರವರೇ ಯಜಮಾನರು.

ಎಲ್ಲವನ್ನೂ ಗಿಟ್‌ನಲ್ಲಿ ಇಡೋಣ ಎಂದವನು ನಾನೇ. ಗೊತ್ತಿಲ್ಲದವರಿಗೆ ಎರಡು ಮಾತು. ಗಿಟ್ ಎಂದರೆ ನಾವು ಬರೆದದ್ದರ ಪ್ರತಿ ಹಂತವನ್ನೂ ನೆನಪಿಟ್ಟುಕೊಳ್ಳುವ ವ್ಯವಸ್ಥೆ. ಒಂದಷ್ಟು ಬರೆದು, 'ಇದು ಇಂಥದ್ದು' ಎಂದು ಒಂದು ಸಾಲಿನ ಒಕ್ಕಣೆ ಹಾಕಿ ಮುದ್ರೆ ಒತ್ತಿದರೆ ಅದು ಕಮಿಟ್. ನಮ್ಮ ಕಮಿಟ್‌ಗಳನ್ನು ಎಲ್ಲರಿಗೂ ಸೇರಿದ ಸರ್ವರ್‌ಗೆ ಕಳಿಸಿದರೆ ಪುಶ್. ಅಲ್ಲಿ ಬೇರೆಯವರು ಹಾಕಿದ್ದನ್ನು ನಮ್ಮ ಮನೆಗೆ ತಂದು ನಮ್ಮದಕ್ಕೆ ಕೂಡಿಸಿಕೊಂಡರೆ ಪುಲ್.

ಮೇಡಂ ಮೊದಮೊದಲು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. "ಚೀಟಿ ಕಳೆದುಹೋಗುತ್ತೆ ಮೇಡಂ, ನೇರವಾಗಿ ಟೈಪ್ ಮಾಡಿ. ಗಿಟ್‌ನಲ್ಲಿ ಹಾಕಿದ್ದು ಯಾವತ್ತೂ ಕಳೆಯಲ್ಲ," ಎಂದು ಬಿಡಿಸಿದೆ. ಈ ಮಾತು ಈಗ ನನ್ನ ಕಿವಿಯಲ್ಲೇ ಕೂತಿದೆ.

ಮೇಡಂ ಪದಗಳೆಲ್ಲ ಬರುತ್ತಿದ್ದದ್ದು ಅವರ ಅತ್ತೆಯಿಂದ. ಓದು ಬರಹ ಇಲ್ಲದ, ಹೊಲ ಮನೆ ಎರಡನ್ನೂ ಆಳಿದ ಹೆಂಗಸು. ರಾಗಿ ಪೈರಿನ ಒಂದೊಂದು ಅವಸ್ಥೆಗೆ ಒಂದೊಂದು ಹೆಸರು, ಮಳೆಗಳಿಗೆ ಹೆಸರು, ಸೊಸೆಯಂದಿರನ್ನು ಬೈಯುವುದಕ್ಕೇ ಒಂದು ಕೋಶ. ಒಮ್ಮೆ ನಾನು ಹೋದಾಗ ಫೋನು ತೆಗೆದು ರೆಕಾರ್ಡ್ ಮಾಡಲಾ ಎಂದೆ.

"ಬ್ಯಾಡ ಕಣಪ್ಪ. ನನ್ ದನಿ ಅದ್ರೊಳೀಕೆ ಯಾಕೋಗ್ಬೇಕು? ನಾನಿಲ್ವಾ ಇಲ್ಲಿ?" ಎಂದಿದ್ದರು.

ಮೇಡಂಗೆ ಒಂದು ಪದ್ಧತಿ. ಬರೆದದ್ದನ್ನು ಅದೇ ದಿನ ಕಮಿಟ್ ಮಾಡುತ್ತಿದ್ದರು, ಆದರೆ ಪುಶ್ ಮಾಡುತ್ತಿರಲಿಲ್ಲ. ಮಳೆಗಾಲದ ಪದಗಳನ್ನೆಲ್ಲ ಮಳೆ ಮುಗಿದ ಮೇಲೆ ಅತ್ತೆಗೆ ಓದಿ ಹೇಳಿ, ಅವರು ಸೈ ಎಂದ ಮೇಲಷ್ಟೇ ಕಳಿಸುವುದು. "ಅತ್ತೆ ಒಪ್ದಿದ್ರೆ ಅದು ಸುಳ್ಳು ಪದ ಸಾ," ಎನ್ನುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಈಗಲೂ ಇಲ್ಲ ಎಂದೇ ಹೇಳುತ್ತೇನೆ.

ತೊಂದರೆ ಕೊಡುತ್ತಿದ್ದವರು ಮೇಷ್ಟ್ರು. ಆ ಕಾಲದ ಕನ್ನಡ ಪಂಡಿತರು, ನರಸಿಂಹಸ್ವಾಮಿ ಗುಡಿಯ ಬೀದಿಯಲ್ಲಿ ಹುಟ್ಟಿ ಬೆಳೆದವರು. ಹಕಾರ ಬಿದ್ದುಹೋದ ಪದ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. 'ಅಂಗೆ' ಎಂದಿದ್ದರೆ 'ಹಾಗೆ' ಮಾಡುತ್ತಿದ್ದರು, 'ತ್ವಾಟ' ಇದ್ದರೆ 'ತೋಟ'. ಅದೂ ತಮ್ಮ ಫೈಲಲ್ಲಿ ಅಲ್ಲ, ಎಲ್ಲರ ಫೈಲಲ್ಲಿ. ಹಕಾರ ಕೊಡುವ ಉತ್ಸಾಹದಲ್ಲಿ ಒಮ್ಮೆ ಮೇಡಂ ಫೈಲಿನ ಎಮ್ಮೆಗೂ ಹಕಾರ ಕೊಟ್ಟುಬಿಟ್ಟರು. 'ಹೆಮ್ಮೆ: ಹಾಲು ಕೊಡುವ ಕಪ್ಪು ಪ್ರಾಣಿ' ಎಂದು ನಮ್ಮ ಜಾಲತಾಣದಲ್ಲಿ ಎರಡು ವಾರ ಇತ್ತು.

"ಮೇಷ್ಟ್ರೇ, ಇದು ಆಡುಮಾತಿನ ಕೋಶ, ತಿದ್ದಬೇಡಿ," ಎಂದರೆ, "ತಿದ್ದುವುದೇ ನನ್ನ ಕೈಯ ಗುಣ ಕಣಪ್ಪಾ, ನಲವತ್ತು ವರ್ಷ ಕೆಂಪು ಪೆನ್ನು ಹಿಡಿದಿದ್ದೇನೆ," ಎಂದು ನಗುತ್ತಿದ್ದರು.

ಹಾಗಾಗಿ ನಾನೊಂದು ಹಾಳೆ ತಯಾರಿಸಿದೆ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಲ್ಯಾಮಿನೇಶನ್ ಮಾಡಿಸಿ ಮೂವರಿಗೂ ಕೊಟ್ಟೆ. ಪುಲ್ ಮಾಡಿದಾಗ ನಿಮ್ಮ ಫೈಲಿನಲ್ಲಿ ಜಗಳ ಬಂದರೆ, ಅಂದರೆ ಒಂದೇ ಜಾಗವನ್ನು ನೀವೂ ಮುಟ್ಟಿ ಇನ್ನೊಬ್ಬರೂ ಮುಟ್ಟಿದ್ದರೆ, ಫೈಲು ತೆರೆದು ಕೈಯಾಡಿಸಬೇಡಿ. ಎರಡು ಮಾತು ನೆನಪಿಡಿ: --ours ಅಂದರೆ ನಮ್ದು, --theirs ಅಂದರೆ ಅವರ್ದು. ಮೇಷ್ಟ್ರು ತಿದ್ದಿದ್ದರೆ ನಮ್ದು ಉಳಿಸಿ. ಆಗ ಎಲ್ಲರ ಯಂತ್ರದಲ್ಲೂ ಪುಲ್ ಎಂದರೆ ಮರ್ಜ್ ಎಂಬ ಬಗೆಯಲ್ಲಿ ಕೂಡಿಸುವುದು ಎಂದೇ ಹಾಕಿಕೊಟ್ಟಿದ್ದೆ, ಹಾಳೆ ಸರಿಯಾಗಿಯೇ ಇತ್ತು. ಮೇಡಂ ಅದನ್ನು ಅಡುಗೆಮನೆಯ ಗೋಡೆಗೆ, ಕ್ಯಾಲೆಂಡರ್ ಪಕ್ಕ ಮೊಳೆ ಹೊಡೆದು ನೇತುಹಾಕಿದ್ದರು.

ನನ್ನ ರೋಗ ಕೆರಳಿದ್ದು ಆಮೇಲೆ.

ಮರ್ಜ್ ಎಂದರೆ ಎರಡು ಹಗ್ಗ ಸೇರಿಸಿ ಗಂಟು ಹಾಕಿದ ಹಾಗೆ. ನಮ್ಮ ಕಮಿಟ್‌ಗಳು ಒಂದು ಎಳೆ, ಬೇರೆಯವರದು ಇನ್ನೊಂದು, ಎರಡೂ ಕೂಡುವಲ್ಲಿ ಮೂರನೆಯದಾಗಿ ಒಂದು ಗಂಟು. ನಾಲ್ಕು ಜನ ದಿನಾ ಪುಲ್ ಮಾಡಿದರೆ ದಿನಾ ಗಂಟು. ಇತಿಹಾಸ ತೆರೆದರೆ ಪದಗಳಿಗಿಂತ ಗಂಟುಗಳೇ ಜಾಸ್ತಿ. ಮುಖ್ಯ ಶಾಖೆಯನ್ನು ಕೂಡಿಸಿದೆ, ಮುಖ್ಯ ಶಾಖೆಯನ್ನು ಕೂಡಿಸಿದೆ ಎಂದು ಯಂತ್ರ ತಾನೇ ಬರೆದುಕೊಂಡ ಸಾಲುಗಳು. ಕೂಡಿಸುವ ಇನ್ನೊಂದು ಬಗೆಯಾದ ರೀಬೇಸ್ ಹಾಗಲ್ಲ. ನಮ್ಮ ಕಮಿಟ್‌ಗಳನ್ನು ಬಿಚ್ಚಿ ಪಕ್ಕಕ್ಕಿಟ್ಟು, ಸರ್ವರ್‌ನ ಹಗ್ಗದ ತುದಿಯಿಂದ ಒಂದೊಂದಾಗಿ ಮತ್ತೆ ಹೊಸೆಯುತ್ತದೆ. ಗಂಟಿಲ್ಲ. ಒಂದೇ ನೇರ ಎಳೆ. ಇನ್ನೂ ಪುಶ್ ಮಾಡದ ಸ್ವಂತ ಕಮಿಟ್‌ಗಳಿಗೆ ಇದು ಒಳ್ಳೆಯ ಪದ್ಧತಿಯೇ. ನಾನು ತರಗತಿಯಲ್ಲಿ ಹೇಳುವುದೂ ಅದನ್ನೇ.

ಮುಂಗಾರು ಶುರುವಾಗುವ ಹೊತ್ತಿಗೆ ಒಂದು ಭಾನುವಾರ ನಾಲ್ಕೂ ಜನ ಹಾಸನದ ನಮ್ಮ ಮನೆಯಲ್ಲಿ ಸೇರಿದೆವು. ಊಟ ಆದ ಮೇಲೆ ಮೂವರ ಲ್ಯಾಪ್‌ಟಾಪನ್ನೂ ಸಾಲಾಗಿ ಇಡಿಸಿ, ಒಂದೊಂದರಲ್ಲೂ ನನ್ನ ಕೈಯಾರೆ ಒಂದೇ ಸಾಲು ಹೊಡೆದೆ:

git config --global pull.rebase true

ಇನ್ನು ಮೇಲೆ ಪುಲ್ ಎಂದರೆ ತಂತಾನೇ ರೀಬೇಸ್. ಯಾರೂ ಏನೂ ನೆನಪಿಡಬೇಕಾಗಿಲ್ಲ.

"ಏನಾಯ್ತು ಸಾ ಈಗ?" ಎಂದರು ಮೇಡಂ.

"ಏನಿಲ್ಲ, ಅಚ್ಚುಕಟ್ಟಾಯ್ತು," ಎಂದೆ.

ಚನ್ನರಾಯಪಟ್ಟಣದ ಗೆಳೆಯ ಮಾತ್ರ ಕೇಳಿದ. "ಸಾ, ಹಾಳೇಲಿ ಏನಾರ ಬದ್ಲಾಯಿಸ್ಬೇಕಾ?"

"ಅದೇ ಸಾಕು, ಎಲ್ಲಾ ಅದೇ," ಎಂದೆ. ಮೇಷ್ಟ್ರಿಗೆ ಬಸ್ಸಿನ ಹೊತ್ತಾಗಿತ್ತು. ಎಲ್ಲರೂ ಎದ್ದರು.

ಎಲ್ಲಾ ಅದೇ ಆಗಿರಲಿಲ್ಲ. ರೀಬೇಸ್‌ನಲ್ಲಿ ನಮ್ದು, ಅವರ್ದು ಅದಲುಬದಲಾಗುತ್ತವೆ. ಯಂತ್ರ ಆಗ ಸರ್ವರ್‌ನ ಎಳೆಯ ಮೇಲೆ ನಿಂತಿರುತ್ತದೆ, ಅದಕ್ಕೆ ಅದೇ 'ನಮ್ದು'. ಪಕ್ಕಕ್ಕಿಟ್ಟು ಒಂದೊಂದಾಗಿ ತರುತ್ತಿರುವ ನಮ್ಮದೇ ಕಮಿಟ್‌ಗಳು 'ಅವರ್ದು'. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ವೈವಾದಲ್ಲಿ ಹುಡುಗರನ್ನು ಬೀಳಿಸಲು ನಾನು ಪ್ರತಿವರ್ಷ ಕೇಳುವ ಪ್ರಶ್ನೆಯೇ ಅದು. ತಪ್ಪು ಹೇಳಿದವರನ್ನು ನೋಡಿ ನಗುತ್ತಿದ್ದೆ ಕೂಡ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಆ ಮಳೆಗಾಲ ಮೇಡಂ ಬರೆದೇ ಬರೆದರು. ನಡುವೆ ಫೋನು ಮಾಡಿದಾಗೆಲ್ಲ ಖುಷಿ. "ಅತ್ತೆ ಈಗ ಬಿಟ್ಟೂ ಬಿಡದೆ ಹೇಳ್ತವ್ರೆ ಸಾ. ನಾನು ಬರೀನಿಲ್ಲ ಅಂದ್ರೆ ಅವ್ರೇ ಕೂಗ್ತಾರೆ, ಲೇ ಅಮ್ಮಿ, ಇದೊಂದು ಮಾತ್ ಬುಟ್ಬುಟ್ಟೆ ಬಾ ಅಂತಾರೆ." ಅತ್ತೆ ಸೊಸೆ ಮಾತಾಡಿಕೊಳ್ಳಲು ಹನ್ನೆರಡು ವರ್ಷದಲ್ಲಿ ಅದೊಂದೇ ನೆಪ ಸಿಕ್ಕಿದ್ದು ಎಂದೂ ಒಮ್ಮೆ ಹೇಳಿದರು. ಆಗ ನಾನದನ್ನು ತಮಾಷೆ ಎಂದುಕೊಂಡೆ.

ಅದೇ ಮಳೆಗಾಲದಲ್ಲಿ ಮೇಷ್ಟ್ರು ಮೇಡಂ ಫೈಲನ್ನು ಮೊದಲಿಂದ ಕೊನೆವರೆಗೆ ತಿದ್ದಿ, ಅಕಾರಾದಿಯಾಗಿ ಜೋಡಿಸಿ, ಪುಶ್ ಮಾಡಿ ಕೂತಿದ್ದರು.

ಮಳೆ ಹಿಂದಾದ ಮೇಲೆ ಮೇಡಂ ಎಲ್ಲವನ್ನೂ ಅತ್ತೆಗೆ ಓದಿ ಒಪ್ಪಿಸಿಕೊಂಡು ಒಂದು ಬೆಳಿಗ್ಗೆ ಪುಲ್ ಮಾಡಿದರು. ಅವರ ಬಳಿ ನಲವತ್ತಮೂರು ಕಮಿಟ್ ಇದ್ದವು. ಮೊದಲನೆಯದಕ್ಕೇ ಜಗಳ ಬಂತು. ಅವರು ಹೆದರಲಿಲ್ಲ. ಗೋಡೆಯ ಹಾಳೆ ನೋಡಿದರು. ಮೇಷ್ಟ್ರು ತಿದ್ದಿದ್ದಾರೆ, ಅಂದರೆ ನಮ್ದು ಉಳಿಸಬೇಕು. --ours ಎಂದು ಹೊಡೆದರು. ಫೈಲನ್ನು ಒಪ್ಪಿಸಿದರು. ಮುಂದುವರಿಸಲು ಏನು ಹೊಡೆಯಬೇಕು ಎಂಬುದು ಹಾಳೆಯಲ್ಲಿರಲಿಲ್ಲ, ಪರದೆಯ ಮೇಲೆ ಗಿಟ್ಟೇ ಬರೆದಿತ್ತು, ಅದನ್ನು ಹೊಡೆದರು. ಎರಡನೆಯದಕ್ಕೂ ಜಗಳ. ಮತ್ತೆ ನಮ್ದು. ಮೂರನೆಯದಕ್ಕೂ.

ಪ್ರತಿ ಸಲ 'ನಮ್ದು' ಎಂದಾಗಲೂ ಗಿಟ್ ಉಳಿಸಿದ್ದು ಸರ್ವರ್‌ನ ಫೈಲನ್ನು, ಮೇಷ್ಟ್ರು ತಿದ್ದಿದ್ದನ್ನು. ಮೇಡಂ ಕಮಿಟ್‌ನಲ್ಲಿ ಹೊಸದೇನೂ ಉಳಿಯಲಿಲ್ಲವಾದ್ದರಿಂದ ಅದನ್ನು ಸದ್ದಿಲ್ಲದೆ ಕೈಬಿಟ್ಟು ಮುಂದಿನದಕ್ಕೆ ಹೋಯಿತು. ಹಿಂದಿನದು ಬಿದ್ದುಹೋದ್ದರಿಂದ ಮುಂದಿನದಕ್ಕೂ ಜಗಳ ಬರಲೇಬೇಕು, ಬಂತು. ನಲವತ್ತಮೂರು ಸಲ ಆ ಹೆಂಗಸು, ಒಲೆಯ ಮೇಲೆ ಅನ್ನ ಇಟ್ಟುಕೊಂಡು, ಒಂದೊಂದೇ ದಿನದ ಕೆಲಸವನ್ನು ತನ್ನ ಕೈಯಿಂದಲೇ ಅಳಿಸಿದ್ದಾರೆ, ಉಳಿಸುತ್ತಿದ್ದೇನೆ ಅಂದುಕೊಂಡು.

ಕೊನೆಗೆ ರೀಬೇಸ್ ಯಶಸ್ವಿ ಎಂದು ಬಂತು. ಪುಶ್ ಹೊಡೆದರು. ನನಗೆ ಫೋನು ಮಾಡಿದರು.

"ಸಾ, ಎಲ್ಲಾ ಅಪ್ ಟು ಡೇಟ್ ಅಂತ ಬಂತು! ನಲವತ್ತಮೂರು ಸಲ ಜಗಳ ಆಡ್ತು ಸಾ, ನಾನು ಬುಡ್ನೇ ಇಲ್ಲ, ನಮ್ದೇ ಉಳಿಸ್ದೆ."

"ಶಭಾಷ್ ಮೇಡಂ," ಎಂದೆ.

ಎಲ್ಲಾ ಅಪ್ ಟು ಡೇಟ್ ಎಂದರೆ ಕಳಿಸಲು ನಿಮ್ಮ ಹತ್ತಿರ ಏನೂ ಇಲ್ಲ ಎಂದರ್ಥ. ನಲವತ್ತಮೂರು ಕಮಿಟ್ ಇಟ್ಟುಕೊಂಡವರಿಗೆ ಆ ಮಾತು ಬರಬಾರದು. ನಾನು ಒಂದು ಕ್ಷಣ ಯೋಚಿಸಿದ್ದರೂ ಹೊಳೆಯುತ್ತಿತ್ತು. ಯೋಚಿಸಲಿಲ್ಲ. ಇತಿಹಾಸ ತೆರೆದು ನೋಡಿದೆ, ನೇರವಾಗಿತ್ತು, ಒಂದು ಗಂಟೂ ಇರಲಿಲ್ಲ, ಸಂತೋಷಪಟ್ಟು ಮುಚ್ಚಿದೆ.

ವಾರ ಕಳೆಯುವುದರೊಳಗೆ ಅತ್ತೆಗೆ ಲಕ್ವ ಹೊಡೆಯಿತು. ಅರಕಲಗೂಡಿಗೆ, ಅಲ್ಲಿಂದ ಹಾಸನದ ಆಸ್ಪತ್ರೆಗೆ ತಂದರು. ಪ್ರಾಣ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಏನು ಹೇಳಿದರೂ ಅರ್ಥವಾಗುತ್ತದೆ, ಬಾಯಿ ತೆರೆದರೆ ಒಂದೇ ಒಂದು ಪದ ಬರುತ್ತದೆ. ಅಂಗೆ. ನೀರು ಬೇಕಾದರೂ ಅಂಗೆ, ನೋವಾದರೂ ಅಂಗೆ. ನಾನು ಹಣ್ಣು ಹಿಡಿದುಕೊಂಡು ನೋಡಲು ಹೋದಾಗ ನನ್ನ ಕೈ ಹಿಡಿದು ಅಂಗೆ, ಅಂಗೆ, ಅಂಗೆ ಎಂದು ಏನನ್ನೋ ಉದ್ದಕ್ಕೆ ಹೇಳಿದರು.

ಮಾತು ಕಲಿಸುವ ಡಾಕ್ಟರಮ್ಮ ಮೇಡಂಗೆ ಹೇಳಿದರಂತೆ: ಅವರಿಗೆ ತುಂಬ ರೂಢಿಯಿರುವ ಪದಗಳನ್ನು ದಿನಾ ಓದಿ ಹೇಳಿ, ಒಂದೊಂದಾಗಿ ಬಂದರೂ ಬರಬಹುದು. ಮೇಡಂ ಮುಖ ಅರಳಿತು. ಅಂಥ ಪದಗಳ ರಾಶಿಯೇ ಅವರ ಬಳಿ ಇದೆಯಲ್ಲ, ಅತ್ತೆಯೇ ಹೇಳಿದ್ದು, ಅತ್ತೆಯೇ ಒಪ್ಪಿದ್ದು. ಅಲ್ಲೇ ಫೋನಿನಲ್ಲಿ ನಮ್ಮ ಜಾಲತಾಣ ತೆರೆದರು. ಮಳೆಗಾಲದ ಒಂದು ಪದವೂ ಇರಲಿಲ್ಲ. ಹಳೆಯ ಪದಗಳಿದ್ದವು, ಹಕಾರ ಹಾಕಿಕೊಂಡು.

ಅವರು ನನಗೆ ಫೋನು ಮಾಡಿದಾಗ ನಾನು ಮೌಲ್ಯಮಾಪನದಲ್ಲಿದ್ದೆ. ಎದುರಿಗೆ ಉತ್ತರಪತ್ರಿಕೆಗಳ ಗುಡ್ಡೆ.

"ಸಾ, ನಮ್ ಪದ ಒಂದೂ ಕಾಣ್ತಿಲ್ಲ. ಊರಿಗೋಗಿ ಲ್ಯಾಪ್‌ಟಾಪ್ ನೋಡ್ದೆ, ಅದ್ರಲ್ಲೂ ಇಲ್ಲ."

"ಅಪ್ ಟು ಡೇಟ್ ಅಂತ ಬಂದಿತ್ತಲ್ಲ ಮೇಡಂ? ಹಾಗಾದರೆ ಸರ್ವರ್‌ನಲ್ಲಿ ಇದ್ದೇ ಇರುತ್ತೆ. ನಿಮ್ಮ ಫೋಲ್ಡರ್ ಕೆಟ್ಟಿರಬೇಕು. ಅದನ್ನ ಪೂರ್ತಿ ಡಿಲೀಟ್ ಮಾಡಿ ಹೊಸದಾಗಿ ಇಳಿಸಿಕೊಳ್ಳಿ."

"ಪೂರ್ತೀನಾ ಸಾ?"

"ಪೂರ್ತಿ. ಕಸದ ಬುಟ್ಟೀಲೂ ಉಳಿಸಬೇಡಿ. ಅಚ್ಚುಕಟ್ಟಾಗಿ ಹೊಸದು ಮಾಡಿ."

ಮೇಡಂ ಹೇಳಿದ ಮಾತು ಮೀರುವವರಲ್ಲ. ಹಾಗೇ ಮಾಡಿದರು.

ರೀಬೇಸ್ ಕೈಬಿಟ್ಟ ಕಮಿಟ್‌ಗಳು ಕೂಡಲೇ ಸಾಯುವುದಿಲ್ಲ. ಅದೇ ಯಂತ್ರದ ಅದೇ ಫೋಲ್ಡರಿನಲ್ಲಿ, ಹೆಜ್ಜೆಗುರುತಿನ ಒಂದು ಪಟ್ಟಿಯ ಆಸರೆಯಲ್ಲಿ, ವಾರಗಟ್ಟಲೆ ಇರುತ್ತವೆ. git reflog ಎಂದು ಹೊಡೆದಿದ್ದರೆ ನಲವತ್ತಮೂರೂ ಎದ್ದು ಬರುತ್ತಿದ್ದವು. ಐದು ನಿಮಿಷದ ಕೆಲಸ. ಆ ಪಟ್ಟಿ ಸರ್ವರ್‌ಗೆ ಹೋಗುವುದಿಲ್ಲ, ಹೊಸದಾಗಿ ಇಳಿಸಿಕೊಂಡ ಪ್ರತಿಯಲ್ಲಿ ಇರುವುದಿಲ್ಲ. ಮೇಡಂ ತಪ್ಪಿನಿಂದ ಏನೂ ಕಳೆದಿರಲಿಲ್ಲ. ಕಳೆದದ್ದು ನನ್ನ ಮಾತಿನಿಂದ.

ನನಗಿದು ಹೊಳೆದದ್ದು ಎರಡು ದಿನ ಬಿಟ್ಟು, ಬೆಳಿಗ್ಗೆ ಹಲ್ಲುಜ್ಜುವಾಗ. ನಲವತ್ತಮೂರು ಸಲ ಜಗಳ, ನಮ್ದೇ ಉಳಿಸ್ದೆ. ಬ್ರಷ್ ಬಾಯಲ್ಲೇ ಇತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಕಾಲೇಜಿಗೆ ರಜೆ ಹಾಕಿ ಮಲ್ಲಿಪಟ್ಟಣದ ದಾರಿ ಹಿಡಿದೆ. ಚನ್ನರಾಯಪಟ್ಟಣದ ಗೆಳೆಯನನ್ನೂ ಬರಹೇಳಿದೆ, ಅಳಿಸಿದ ಫೈಲು ಹುಡುಕುವ ಸಾಮಾನೆಲ್ಲ ಅವನ ಬಳಿ ಇತ್ತು.

ಬೆಳಗಿನಿಂದ ಮಧ್ಯಾಹ್ನದವರೆಗೆ ಅವನು ಆ ಲ್ಯಾಪ್‌ಟಾಪಿನ ಮುಂದೆ ಕೂತ. ಹಳೇ ಡಿಸ್ಕ್ ಆಗಿದ್ದರೆ ಏನಾದರೂ ಸಿಗುತ್ತಿತ್ತು, ಇದು ಹೊಸ ನಮೂನೆಯದು, ಅಳಿಸಿದ ಜಾಗವನ್ನು ತಾನೇ ಒರೆಸಿಕೊಳ್ಳುವಂಥದ್ದು. ಕೊನೆಗೆ ಕನ್ನಡಕ ತೆಗೆದು, "ಇಲ್ಲ ಸಾ," ಎಂದ. ಹಾಳೆಯ ಬಗ್ಗೆ ಅವನು ಅಂದು ಕೇಳಿದ ಪ್ರಶ್ನೆಯನ್ನು ನೆನಪಿಸಲಿಲ್ಲ. ನೆನಪಿಸಿದ್ದರೆ ಒಳ್ಳೆಯದಿತ್ತು.

ಮೇಡಂಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಗೋಡೆಯ ಹಾಳೆಯನ್ನು ತೋರಿಸಿ, ಯಾವ ಸಾಲು ಯಾವತ್ತು ಸುಳ್ಳಾಯಿತು, ಯಾಕೆ ಆಯಿತು ಎಂದೆಲ್ಲ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

"ಅಂದ್ರೆ ಮದ್ವೆ ಆದಂಗೆ ಅನ್ನಿ ಸಾ," ಎಂದರು. "ಬಂದು ನಿಂತಿದ್ದೇ ನಮ್ಮನೆ. ತವರಿಂದ ಒತ್ಕೊಂಡ್ ಬಂದಿದ್ದ ಗಂಟು ಬೇರೆಯೋರ್ದು."

ನಾನು ವರ್ಷವರ್ಷ ವೈವಾದಲ್ಲಿ ಕೇಳಿದ ಪ್ರಶ್ನೆಗೆ ಇಷ್ಟು ಸರಿಯಾದ ಉತ್ತರ ಯಾರೂ ಕೊಟ್ಟಿರಲಿಲ್ಲ. ಕೊಟ್ಟವರ ಕಣ್ಣಲ್ಲಿ ನೀರಿತ್ತು.

"ಮತ್ತೆ ನೆನಪು ಮಾಡಿಕೊಂಡು ಬರೆಯೋಕಾಗಲ್ವಾ?" ಎಂದೆ. ಕೇಳಬಾರದಿತ್ತು.

"ಬರೆದಿದ್ದೀನಲ್ಲ ಅಂತ ಮರ್ತೆ ಸಾ. ಒಂದಷ್ಟು ಬತ್ತಾವೆ. ಯಾವ್ ಬತ್ತಿಲ್ಲ ಅಂತ್ಲೇ ಗೊತ್ತಾಗ್ತಿಲ್ಲ." ಕಮಿಟ್‌ಗಳಿಗೆ ಹಾಕಿದ ಒಕ್ಕಣೆಗಳು ಮಾತ್ರ ಅವರಿಗೆ ಚೆನ್ನಾಗಿ ನೆನಪಿದ್ದವು. ಎಮ್ಮೆ ಕರೆಯುವಾಗ ಹೇಳಿದ್ದು. ಸೋನೆ ಹಿಡಿದ ದಿನ ಹೇಳಿದ್ದು. ಅತ್ತೆ ನಗುನಗುತ್ತ ಹೇಳಿದ್ದು, ಮೊದಲನೇ ಸಲ. ಬೆರಳು ಮಡಿಸುತ್ತ ಹೇಳುತ್ತಾ ಹೋದರು. ಮುಚ್ಚಳಗಳಿದ್ದವು, ಡಬ್ಬಿಗಳಿರಲಿಲ್ಲ.

ಮರ್ಜೇ ಇದ್ದಿದ್ದರೆ, ಅವರು 'ನಮ್ದು' ಅಂದದ್ದೇ ಉಳಿಯುತ್ತಿತ್ತು. ಕೈತಪ್ಪಿ 'ಅವರ್ದು' ಅಂದಿದ್ದರೂ ಆ ಗಂಟಿನ ಹಿಂದೆ ಅವರ ಎಳೆ ಹಾಗೇ ಇರುತ್ತಿತ್ತು, ನಲವತ್ತಮೂರೂ ಕಮಿಟ್, ಒಕ್ಕಣೆ ಸಮೇತ, ಗಂಟಿನ ಜೊತೆಗೇ ಸರ್ವರ್‌ಗೆ ಬರುತ್ತಿತ್ತು. ನಾನು ಕಸ ಎಂದು ಬೈದ ಗಂಟುಗಳು ಹಿಡಿದುಕೊಂಡಿದ್ದದ್ದು ಅದನ್ನೇ. ರೀಬೇಸನ್ನು ಈಗಲೂ ದೂರುವುದಿಲ್ಲ. ಹಾಳೆ ಬದಲಿಸದೆ ಅದನ್ನು ತಂದವನನ್ನು ದೂರುತ್ತೇನೆ.

ಹೊಳೆನರಸೀಪುರದ ಮೇಷ್ಟ್ರಿಗೆ ಫೋನಿನಲ್ಲಿ ತಿಳಿಸಿದಾಗ, "ನಾನು ತಿದ್ದದೇ ಇದ್ದಿದ್ದರೆ ಜಗಳವೇ ಬರುತ್ತಿರಲಿಲ್ಲ ಅಲ್ಲವೇನಪ್ಪಾ?" ಎಂದರು. "ಹೌದು ಮೇಷ್ಟ್ರೇ," ಎಂದೆ.

ಅತ್ತೆಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ಅವತ್ತು ಮಲ್ಲಿಪಟ್ಟಣದಿಂದ ಹೊರಡುವ ಮುಂಚೆ ನಡುಮನೆಯಲ್ಲಿ ಅವರ ಮಂಚದ ಪಕ್ಕ ಕೂತಿದ್ದೆವು. ಮೇಡಂ ಒಂದು ನೋಟ್‌ಬುಕ್ ಹಿಡಿದಿದ್ದರು, ಮತ್ತೆ ಕಾಗದ, ಮತ್ತೆ ಪೆನ್ನು. ನೆನಪಾದ ಪದಗಳನ್ನು ಒಂದೊಂದಾಗಿ ಓದುತ್ತಿದ್ದರು. ಎರಡನೇ ಪುಟದ ಅರ್ಧಕ್ಕೇ ಮುಗಿದುಹೋಯಿತು. ಅತ್ತೆ ಇನ್ನೂ ಇದೆ ಎನ್ನುವ ಹಾಗೆ ಎಡಗೈಯಿಂದ ಆ ಪುಟವನ್ನು ತಟ್ಟಿದರು. ಮೇಡಂ ಖಾಲಿ ಪುಟ ತಿರುವಿ ತೋರಿಸಿದರು. ಅತ್ತೆ ಮತ್ತೆ ತಟ್ಟಿದರು, ಸಿಟ್ಟಿನಿಂದ.

ಮೇಡಂ ನನ್ನ ಕಡೆ ತಿರುಗಿದರು.

"ಸಾ, ಅಷ್ಟೂ ದಿನ ಅತ್ತೆ ಏಳಿದ್ರು, ನಾನ್ ಬರ್ದೆ ಅನ್ನಾಕೆ, ಎಲ್ಲಾದ್ರೂ ಒಂದು ಗುರ್ತು ಐತಾ?"

ನನ್ನ ಫೋನಿನಲ್ಲೇ ಇತಿಹಾಸ ತೆರೆದೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣ, ಒಂದರ ಕೆಳಗೊಂದು, ಗೆರೆ ಎಳೆದ ಹಾಗೆ ನೇರವಾಗಿ. ಆ ಮೂರು ತಿಂಗಳಲ್ಲಿ ಮಲ್ಲಿಪಟ್ಟಣದಿಂದ ಏನೂ ಇಲ್ಲ. ಏನಾದರೂ ಇತ್ತು ಎಂದು ಅನುಮಾನ ಪಡುವುದಕ್ಕೂ ಜಾಗವಿಲ್ಲದಷ್ಟು ಅಚ್ಚುಕಟ್ಟು.

"ಇಲ್ಲ ಮೇಡಂ," ಎಂದೆ.

ಅತ್ತೆ ನಮ್ಮಿಬ್ಬರ ಮುಖವನ್ನೂ ನೋಡಿದರು. ಅರ್ಥವಾಯಿತು ಅವರಿಗೆ, ನನಗದು ಕಂಡಿತು. ಪುಟದ ಮೇಲಿದ್ದ ಕೈ ತೆಗೆದರು.

"ಅಂಗೆ," ಎಂದರು.